ಸೌಮ್ಯ ಸಂವತ್ಸರದಲ್ಲಿ ತೀರಿಕೊಂಡ ಕವಿ, 1936ರ ಪ್ರಸಂಗ ಪುಸ್ತಕ: ಮರುಮುದ್ರಣ ಮಾಡಬಹುದೇ?

ಪ್ರಶ್ನೆ: ಉಡುಪಿ ಹತ್ತಿರದ ನಮ್ಮ ಹವ್ಯಾಸಿ ಯಕ್ಷಗಾನ ಸಂಘಕ್ಕೆ 1936ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಒಂದು ಪ್ರಸಂಗ ಪುಸ್ತಕ ಸಿಕ್ಕಿದೆ. ಎಂಬತ್ತು ವರ್ಷ ದಾಟಿದೆ, ಇನ್ನು ಕಾಪಿರೈಟ್ ಇರಲಿಕ್ಕಿಲ್ಲ ಅಲ್ವಾ? 500 ಪ್ರತಿ ಅಚ್ಚು ಹಾಕಿ ಮಾರಬೇಕು, ಮೂರು ಗಂಟೆಯ ಕಾಲಮಿತಿಗೆ ಇಳಿಸಿ ದೇವಸ್ಥಾನದ ಜಾತ್ರೆಯಲ್ಲಿ ಆಡಬೇಕು, ಯೂಟ್ಯೂಬ್‌ನಲ್ಲಿ ಲೈವ್ ಕೊಡಬೇಕು ಅಂತ ಇದೆ. ಕವಿ ಸೌಮ್ಯ ಸಂವತ್ಸರದಲ್ಲಿ ತೀರಿಕೊಂಡರು ಎನ್ನುತ್ತಾರೆ ಮೊಮ್ಮಗ. 1982ರಲ್ಲಿ ಬೇರೊಬ್ಬರು ಟಿಪ್ಪಣಿ ಸೇರಿಸಿ ಮತ್ತೊಮ್ಮೆ ಅಚ್ಚು ಮಾಡಿದ್ದಾರೆ. ಅದೇ ಕವಿಯ ಕೈಬರಹದ ಇನ್ನೊಂದು ಪ್ರಸಂಗವೂ ಮೊಮ್ಮಗನ ಹತ್ತಿರ ಇದೆ. ಏನೇನು ಮಾಡಬಹುದು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಆ ಪುಸ್ತಕ ಇನ್ನೂ ಮುಕ್ತವಾಗಿಲ್ಲ. 2029ರ ಕೊನೆಯವರೆಗಂತೂ ಕಾಪಿರೈಟ್ ಇದೆ. ಒಂದು ವಿವರ ಬೇರೆಯಾದರೆ 2030ರ ಕೊನೆಯವರೆಗೂ ಇರಬಹುದು. ಆದರೆ ಜಾತ್ರೆಯ ಆಟಕ್ಕೆ ಇದರಿಂದ ತೊಂದರೆ ಇಲ್ಲ. ಅದು ಯಾಕೆ ಅಂತ ಮುಂದೆ ಬರುತ್ತದೆ.

ನೀವು ಲೆಕ್ಕ ಹಾಕಿದ್ದು ಪುಸ್ತಕದ ವಯಸ್ಸನ್ನು. ಕಾನೂನು ಕೇಳುವುದು ಬರೆದವರು ತೀರಿಕೊಂಡ ವರ್ಷವನ್ನು. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಲೇಖಕರು ಬದುಕಿದ್ದಾಗಲೇ ಪ್ರಕಟವಾದ ಕೃತಿಗೆ ಅವರ ಜೀವಮಾನ ಪೂರ್ತಿ ರಕ್ಷಣೆ ಇದೆ. ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ. ಆ 60 ವರ್ಷ ಶುರುವಾಗುವುದು ಸತ್ತ ದಿನದಿಂದ ಅಲ್ಲ, ಮುಂದಿನ ಜನವರಿ 1ರಿಂದ. ಹಾಗಾಗಿ ಕಾಪಿರೈಟ್ ಮುಗಿಯುವುದು ಯಾವಾಗಲೂ ಡಿಸೆಂಬರ್ 31ಕ್ಕೆ. ಇಬ್ಬರು ಕೂಡಿ ಬರೆದದ್ದಾದರೆ ಕೊನೆಗೆ ತೀರಿಕೊಂಡವರ ವರ್ಷವೇ ಲೆಕ್ಕ.

ನಮ್ಮ ಊರಿನ ಹೆಸರುಗಳನ್ನೇ ಇಟ್ಟು ನೋಡಿ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರು 1930ರ ದಶಕದಲ್ಲಿ ಬರೆದದ್ದಕ್ಕೂ 2057ರ ಕೊನೆಯವರೆಗೆ ಕಾಯಬೇಕು. ಪುಸ್ತಕದ ವಯಸ್ಸು ಹೆಚ್ಚುಕಮ್ಮಿ ಒಂದೇ ಇರಬಹುದು, ಉತ್ತರ ಮಾತ್ರ ಬೇರೆ.

ಪಂಜೆ ಮಂಗೇಶರಾಯರದ್ದು ಮೂರನೇ ಬಗೆ. ಅವರು ತೀರಿಕೊಂಡದ್ದು 1937ರಲ್ಲಿ. ಆಗಿನ ಲೆಕ್ಕ 60 ಅಲ್ಲ, 50 ವರ್ಷ. ಅಂದರೆ 1987ರ ಕೊನೆಗೇ ಮುಗಿಯಿತು. 50 ಇದ್ದದ್ದು 60 ಆದದ್ದು 1991ರ ಡಿಸೆಂಬರ್ ಕೊನೆಯಲ್ಲಿ. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕಾಪಿರೈಟ್ ಇನ್ನೇನು ಮುಗಿಯುತ್ತದೆ ಎನ್ನುವಾಗ ಸರ್ಕಾರ ಸುಗ್ರೀವಾಜ್ಞೆ ತಂದು ಹತ್ತು ವರ್ಷ ಸೇರಿಸಿತು. ಆಗ ಇನ್ನೂ ಜೀವಂತವಾಗಿದ್ದ ಹಕ್ಕುಗಳಿಗೆ ಮಾತ್ರ ಆ ಹತ್ತು ವರ್ಷ ಸಿಕ್ಕಿತು. ಮುಗಿದುಹೋದದ್ದು ಮರಳಿ ಬರಲಿಲ್ಲ. ಹಾಗಾಗಿ 1940 ಮತ್ತು ಅದಕ್ಕೆ ಮೊದಲು ತೀರಿಕೊಂಡವರು ಬದುಕಿದ್ದಾಗ ಪ್ರಕಟಿಸಿದ ಪುಸ್ತಕದ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ.

ಇನ್ನು ನಿಮ್ಮ ಕವಿಯ ವಿಷಯ. ಸೌಮ್ಯ ಸಂವತ್ಸರ ಅಂದರೆ 1969 ಎಂದು ನೀವು ಹಿಡಿದಿರಬಹುದು. ಇಲ್ಲೇ ಸ್ವಲ್ಪ ನಿಲ್ಲಿ. ಸಂವತ್ಸರ ನಡೆಯುವುದು ಯುಗಾದಿಯಿಂದ ಯುಗಾದಿಗೆ. ಸೌಮ್ಯ ಸಂವತ್ಸರ 1969ರ ಯುಗಾದಿಗೆ ಶುರುವಾಗಿ 1970ರ ಯುಗಾದಿಗೆ ಮುಗಿಯಿತು. ಕವಿ ತೀರಿಕೊಂಡದ್ದು ಶ್ರಾವಣದಲ್ಲಾದರೆ ಅದು 1969, ಕಾಪಿರೈಟ್ 2029ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಮಾಘದಲ್ಲಾದರೆ ಅದು 1970, ಕಾಪಿರೈಟ್ 2030ರ ಡಿಸೆಂಬರ್ 31ರವರೆಗೆ. ತಿಂಗಳು ಬೇರೆಯಾದರೆ ಇಡೀ ಒಂದು ವರ್ಷ ಹೆಚ್ಚುಕಡಿಮೆ.

ಈ ಕಡೆ ಮನೆಗಳಲ್ಲಿ ವರ್ಷ ಮರೆತಿರುತ್ತಾರೆ, ತಿಥಿ ಮರೆಯುವುದಿಲ್ಲ. ವರ್ಷವರ್ಷ ಶ್ರಾದ್ಧ ಮಾಡಬೇಕಲ್ಲ. ಹಾಗಾಗಿ ಮೊಮ್ಮಗನನ್ನು "ಅಜ್ಜನ ತಿಥಿ ಯಾವಾಗ ಬರ್ತದೆ?" ಎಂದು ಕೇಳಿ. ಸಂವತ್ಸರದ ಜೊತೆ ಮಾಸ ಸಿಕ್ಕಿದರೆ ಇಸವಿ ತಾನಾಗಿ ಸಿಗುತ್ತದೆ. ಮಾರ್ಗಶಿರ ಅಥವಾ ಪುಷ್ಯ ಮಾಸ ಅಂತ ಹೇಳಿದರೆ ಮಾತ್ರ ಜಾಗ್ರತೆ. ಅವು ಡಿಸೆಂಬರ್ ಜನವರಿಯ ಗಡಿಯ ಹತ್ತಿರ ಬರುತ್ತವೆ, ಹಳೆಯ ಪಂಚಾಂಗ ತೆಗೆದು ನೋಡಲೇಬೇಕು.

ಬಾಯಿಮಾತಿಗಿಂತ ಒಂದು ಕಾಗದ ಇದ್ದರೆ ಒಳ್ಳೆಯದು. ಮರಣ ನೋಂದಣಿಯ ದಾಖಲೆ ಸಿಕ್ಕಿದರೆ ಅದಕ್ಕಿಂತ ಗಟ್ಟಿ ಬೇರೆ ಇಲ್ಲ. ಸಿಗದಿದ್ದರೆ ಪತ್ರಿಕೆಯಲ್ಲಿ ಬಂದ ನಿಧನ ವಾರ್ತೆ, ಕವಿ ಶಿಕ್ಷಕರಾಗಿದ್ದರೆ ಪಿಂಚಣಿ ಕಾಗದ, ಜಾಗದ ಖಾತೆ ಮಕ್ಕಳ ಹೆಸರಿಗೆ ಬದಲಾದಾಗಿನ ದಾಖಲೆ, ಹೀಗೆ ಯಾವುದಾದರೂ ಆಗಬಹುದು. ಉದಯವಾಣಿಯ ಹಳೆಯ ಸಂಚಿಕೆಗಳನ್ನು ಹುಡುಕುವವರಿಗೆ ಒಂದು ಮಾತು: ಆ ಪತ್ರಿಕೆ ಶುರುವಾದದ್ದೇ 1970ರಲ್ಲಿ. 1969ರ ಸಾವಿನ ಸುದ್ದಿ ಅದರಲ್ಲಿ ಸಿಗುವುದಿಲ್ಲ.

ಪುಸ್ತಕದ ಬಗ್ಗೆಯೂ ಒಂದು ದಾಖಲೆ ಇರುವ ಸಾಧ್ಯತೆ ಇದೆ. 1936ರಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ, ಪ್ರಾಂತ್ಯದಲ್ಲಿ ಅಚ್ಚಾದ ಪುಸ್ತಕಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತಿದ್ದರು. ಬರೆದವರು, ಅಚ್ಚು ಹಾಕಿದವರು, ಎಷ್ಟು ಪ್ರತಿ, ಬೆಲೆ ಎಷ್ಟು ಎನ್ನುವುದರ ಜೊತೆಗೆ ಕಾಪಿರೈಟ್ ಯಾರದು ಎಂದು ನಮೂದಿಸಲೂ ಜಾಗ ಇತ್ತು. ಹಕ್ಕು ಕವಿಯ ಹತ್ತಿರ ಉಳಿದಿತ್ತಾ, ಪ್ರಕಾಶಕರಿಗೆ ಹೋಗಿತ್ತಾ ಎನ್ನುವುದಕ್ಕೆ ಇಲ್ಲಿ ಸುಳಿವು ಸಿಗಬಹುದು.

ಈ ಹಳೆಯ ಪ್ರಸಂಗ ಪುಸ್ತಕಗಳ ಹಿಂದೆ "ಸರ್ವಹಕ್ಕುಗಳೂ ಪ್ರಕಾಶಕರವು" ಎನ್ನುವ ಸಾಲು ಸಾಮಾನ್ಯ. ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯಿತು, ಇನ್ನು ಯಾರ ಹಕ್ಕು ಎನ್ನುತ್ತಾರೆ ಕೆಲವರು. ಅಂಗಡಿ ಮುಚ್ಚಿದ ಮಾತ್ರಕ್ಕೆ ಹಕ್ಕು ಮುಗಿಯುವುದಿಲ್ಲ. ಕವಿ ನಿಜಕ್ಕೂ ಬರೆದುಕೊಟ್ಟಿದ್ದರೆ ಅದು ಅಂಗಡಿಯವರ ವಾರಸುದಾರರಿಗೆ ಹೋಗಿರಬಹುದು, ಬರೆದುಕೊಡದಿದ್ದರೆ ಕವಿಯ ವಾರಸುದಾರರಿಗೆ. ಪುಸ್ತಕದ ಹಿಂದೆ ಅಚ್ಚಾದ ಸಾಲೊಂದೇ ಬರೆದುಕೊಟ್ಟ ಕಾಗದ ಆಗುವುದಿಲ್ಲ. ಹಕ್ಕು ಯಾರದ್ದೇ ಆಗಲಿ, ಗಡಿಯಾರ ಮಾತ್ರ ಕವಿಯ ಆಯುಸ್ಸಿನದ್ದೇ.

ಮತ್ತೊಂದು ಭ್ರಮೆ ಜಾಸ್ತಿ ಓಡಾಡುತ್ತಿದೆ: ಇಂಟರ್ನೆಟ್‌ನಲ್ಲಿ ಸ್ಕ್ಯಾನ್ ಪ್ರತಿ ಇದೆ, ಹಾಗಾದರೆ ಫ್ರೀ. ಅಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕಾಲದಲ್ಲಿ ಕಾಪಿರೈಟ್ ಇದ್ದ ಪುಸ್ತಕಗಳೂ ಸ್ಕ್ಯಾನ್ ಆಗಿ ಜಾಲಕ್ಕೆ ಏರಿವೆ. ಓದಲು ಸಿಗುವುದು ಬೇರೆ, ಅಚ್ಚು ಹಾಕಿ ಮಾರುವ ಹಕ್ಕು ಬೇರೆ.

ಈಗ ಪುಸ್ತಕ ಬಿಡಿಸಿ ನೋಡೋಣ. ಒಂದು ಪುಸ್ತಕ ಅಂದರೆ ಒಂದೇ ಕೃತಿ ಅಲ್ಲ. ಪದ್ಯ ಕವಿಯದ್ದು, ಅದರ ಲೆಕ್ಕ ಆಯಿತು. ಮುನ್ನುಡಿ ಬೇರೆಯವರದ್ದಾದರೆ ಅದಕ್ಕೆ ಅವರು ತೀರಿಕೊಂಡ ವರ್ಷದ ಲೆಕ್ಕ. ರಕ್ಷಾಪುಟದ ಚಿತ್ರಕ್ಕೆ ಚಿತ್ರ ಬರೆದವರ ಲೆಕ್ಕ. ಸಹಿಯೇ ಇಲ್ಲದ, ಯಾರು ಬರೆದದ್ದು ಎಂದು ಗೊತ್ತೇ ಆಗದ ಚಿತ್ರವಾದರೆ ಪ್ರಕಟವಾದ ವರ್ಷದಿಂದ ಎಣಿಸಬೇಕು. 1936ರದ್ದಾದ್ದರಿಂದ ಆಗಿನ 50 ವರ್ಷದ ಲೆಕ್ಕದಲ್ಲಿ 1986ಕ್ಕೇ ಮುಗಿದಿದೆ, ಧೈರ್ಯವಾಗಿ ಬಳಸಿ. ಇದೇ ನಿಯಮ ಅನಾಮಧೇಯ ಬರಹಕ್ಕೂ ಇದೆ. ಆದರೆ ಅವಧಿ ಮುಗಿಯುವ ಮೊದಲೇ ಬರೆದವರ ಹೆಸರು ಬಯಲಾಗಿದ್ದರೆ ಮತ್ತೆ ಜೀವಮಾನ ಮತ್ತು 60 ವರ್ಷ. ಊರಿಗೆಲ್ಲ ಗೊತ್ತಿದ್ದ ಕಾವ್ಯನಾಮವನ್ನು ಅನಾಮಧೇಯ ಎಂದು ಲೆಕ್ಕ ಹಾಕಲು ಹೋಗಬೇಡಿ.

1982ರ ಮುದ್ರಣದ ಕಥೆ ಬೇರೆ. ಅದರ ಸಂಪಾದಕರು ಬರೆದ ಟಿಪ್ಪಣಿ, ಅರ್ಥವಿವರಣೆ, ಹೊಸದಾಗಿ ಕಟ್ಟಿ ಸೇರಿಸಿದ ಪದ್ಯ, ಇವು ಸಂಪಾದಕರ ಸ್ವಂತ ಕೃತಿ. ಕವಿಯ ಪದ್ಯ 2030ಕ್ಕೆ ಮುಕ್ತವಾದರೂ ಇವು ಆಗುವುದಿಲ್ಲ. ಸಂಪಾದಕರು ಇನ್ನೂ ಇದ್ದಾರೆ ಅಂದರೆ ಅವುಗಳ ಲೆಕ್ಕ ಶುರುವೇ ಆಗಿಲ್ಲ. ಕಾಗುಣಿತ ತಿದ್ದಿದ್ದು, ಅಚ್ಚಿನ ತಪ್ಪು ಸರಿಮಾಡಿದ್ದು, ಇಷ್ಟಕ್ಕೆಲ್ಲ ಹೊಸ ಹಕ್ಕು ಹುಟ್ಟುವುದಿಲ್ಲ. ಕೋರ್ಟ್ ತೀರ್ಪುಗಳ ಸಂಪಾದಿತ ಆವೃತ್ತಿಯ ಬಗ್ಗೆ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂಥದ್ದೇ ಮಾತು: ಬರೀ ದುಡಿಮೆ ಸಾಲದು, ಸ್ವಲ್ಪವಾದರೂ ಸ್ವಂತಿಕೆ ಬೇಕು.

ಹಾಗಾಗಿ ಯಾವತ್ತು ಅಚ್ಚು ಹಾಕಿದರೂ 1936ರ ಪ್ರತಿಯನ್ನೇ ಎದುರಿಗಿಟ್ಟು ಡಿಟಿಪಿ ಮಾಡಿಸಿ. 1982ರದ್ದು ಅಕ್ಷರ ಸ್ಪಷ್ಟ ಇದೆ ಎಂದು ಅದನ್ನು ಕೊಡಬೇಡಿ. ಯಾವ ಪದ್ಯ ಕವಿಯದ್ದು, ಯಾವುದು ಸಂಪಾದಕರದ್ದು ಎಂದು ಡಿಟಿಪಿಯವರಿಗೆ ಗೊತ್ತಾಗುವುದಿಲ್ಲ. ಹಳೆಯ ಪ್ರತಿಯಲ್ಲಿ ಎರಡು ಪುಟ ಗೆದ್ದಲು ತಿಂದಿದ್ದರೆ ಆ ಎರಡು ಪುಟಕ್ಕೆ ಮಾತ್ರ 1982ರದ್ದನ್ನು ಹೋಲಿಸಿ ನೋಡಿ, ಟಿಪ್ಪಣಿ ಮುಟ್ಟದೆ.

ಆಟದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಕಾಯ್ದೆ ನಿಮ್ಮ ಪರ ಇದೆ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಅದು ಉಲ್ಲಂಘನೆ ಅಲ್ಲ ಎಂದು 52ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಜಾತ್ರೆಯ ಬಯಲಾಟಕ್ಕೆ ಇದು ಸರಿಯಾಗಿ ಹೊಂದುತ್ತದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ಟಿಕೆಟ್ ಇಟ್ಟು ಆಡಿದರೂ ಆಗುತ್ತದೆ, ಆದರೆ ದುಡ್ಡು ದೇವಸ್ಥಾನಕ್ಕೇ ಹೋಗಬೇಕು. ಹವ್ಯಾಸಿ ಎನ್ನುವ ಮಾತು ಮುಖ್ಯ. ಸಂಬಳಕ್ಕೆ ಕುಣಿಯುವ ವೃತ್ತಿಮೇಳಕ್ಕೆ ಈ ರಿಯಾಯಿತಿ ಇಲ್ಲ. ನೀವು ಮೇಳದ ಭಾಗವತರನ್ನೋ ಹೆಸರಾಂತ ವೇಷಧಾರಿಗಳನ್ನೋ ಸಂಭಾವನೆ ಕೊಟ್ಟು ಕರೆಸಿದರೆ ಹವ್ಯಾಸಿ ಎನ್ನುವ ನೆಲೆ ಸಡಿಲವಾಗುತ್ತದೆ. ಒಬ್ಬಿಬ್ಬರು ಬಂದರೆ ಯಾರೂ ಕೇಳಲಿಕ್ಕಿಲ್ಲ, ಅರ್ಧ ತಂಡವೇ ಅವರಾದರೆ ಅನುಮತಿ ಪಡೆಯುವುದು ಕ್ಷೇಮ.

ಉಡುಪಿಯವರಿಗೆ ಇದು ಹೊಸದಲ್ಲ. ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕಿನ ಬಗ್ಗೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಒಂದು ಕಡೆ, ಕಾರಂತರ ಉಯಿಲಿನಿಂದ ಹಕ್ಕು ಪಡೆದವರು ಇನ್ನೊಂದು ಕಡೆ ನಿಂತು ಸುಪ್ರೀಂ ಕೋರ್ಟ್‌ವರೆಗೆ ಹೋದರು. 2009ರಲ್ಲಿ ಕೋರ್ಟ್ ಉಯಿಲಿನ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ 52ನೇ ಕಲಮಿನ ರಿಯಾಯಿತಿಗಳೊಳಗೆ ಬರುವ ಪ್ರದರ್ಶನವನ್ನು ತಡೆಯುವ ಹಾಗಿಲ್ಲ ಎಂದೂ ತೀರ್ಪನ್ನು ತಿದ್ದಿತು. ನಿಮ್ಮ ಜಾತ್ರೆಯ ಆಟ ನಿಲ್ಲುವುದು ಇದೇ ನೆಲದ ಮೇಲೆ.

ಕಾಲಮಿತಿಗೆ ಇಳಿಸುವುದು ಕಾನೂನಿನ ಕಣ್ಣಲ್ಲಿ ರೂಪಾಂತರವೇ. ಕೃತಿಯನ್ನು ಸಂಕ್ಷೇಪಿಸುವುದು, ಹಿಂದೆ ಮುಂದೆ ಜೋಡಿಸುವುದು ಎರಡೂ ಆ ವ್ಯಾಖ್ಯೆಯಲ್ಲಿವೆ. ರೂಪಾಂತರಿಸಿದ್ದನ್ನು ಆಡಲೂ 52ರ ರಿಯಾಯಿತಿ ಅನ್ವಯಿಸುತ್ತದೆ, ಹಾಗಾಗಿ ಜಾತ್ರೆಯಲ್ಲಿ ಮೂರು ಗಂಟೆಯ ಆಟಕ್ಕೆ ಅಡ್ಡಿ ಇಲ್ಲ. ಆದರೆ ಆ ಮೂರು ಗಂಟೆಯ ಪಾಠವನ್ನು ಅಚ್ಚು ಹಾಕಿ ಮಾರಲು ಅನುಮತಿ ಬೇಕು. ಯೂಟ್ಯೂಬ್ ಲೈವ್‌ಗೂ ಬೇಕು, ರೆಕಾರ್ಡ್ ಮಾಡಿ ಚಾನೆಲ್‌ನಲ್ಲಿ ಇಡಲೂ ಬೇಕು. ರಿಯಾಯಿತಿ ಇರುವುದು ಎದುರು ಕೂತ ಪ್ರೇಕ್ಷಕರಿಗೆ ಆಡುವುದಕ್ಕೆ. ಜಾಲದ ಮೂಲಕ ಜಗತ್ತಿಗೆ ತಲುಪಿಸುವುದು ಬೇರೆಯದೇ ಹಕ್ಕು. ಹೆಚ್ಚಿನ ಸಂಘಗಳು ಎಡವುವುದು ಇಲ್ಲೇ.

ಪದ್ಯ ಕತ್ತರಿಸುವಾಗ ಇನ್ನೊಂದು ಎಚ್ಚರ. ಕವಿಯ ಹೆಸರು ಹಾಕಿ, ಅವರು ಬರೆಯದ ಪದ್ಯವನ್ನು ಅವರದ್ದೆಂದು ತೋರಿಸಬೇಡಿ. ಹೆಸರು ಹೇಳಿಸಿಕೊಳ್ಳುವ ಹಕ್ಕು, ಕೃತಿಯನ್ನು ವಿಕಾರ ಮಾಡದಂತೆ ತಡೆಯುವ ಹಕ್ಕು 57ನೇ ಕಲಮಿನಲ್ಲಿ ಪ್ರತ್ಯೇಕವಾಗಿದೆ. 2012ರ ತಿದ್ದುಪಡಿಯ ನಂತರ ಕಾಪಿರೈಟ್ ಅವಧಿ ಮುಗಿದ ಮೇಲೂ ವಾರಸುದಾರರು ಇದನ್ನು ಎತ್ತಬಹುದು. ಅಂದರೆ 2031ರಲ್ಲೂ ಈ ಎಚ್ಚರ ಬೇಕು.

ಇದೆಲ್ಲ ರಗಳೆ ಬೇಡ ಅಂದರೆ ಒಂದು ದಾರಿ ಇದೆ. ಕಥೆ ಮಹಾಭಾರತದ್ದೋ ಸ್ಥಳಪುರಾಣದ್ದೋ ಆದರೆ ಅದು ಯಾರ ಸ್ವತ್ತೂ ಅಲ್ಲ. ಕಥೆ, ವಸ್ತು, ಪುರಾಣದ ಸಂಗತಿಗಳಿಗೆ ಕಾಪಿರೈಟ್ ಇಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ನಿಮ್ಮಲ್ಲಿ ಪದ್ಯ ಕಟ್ಟಬಲ್ಲವರಿದ್ದರೆ ಅದೇ ಕಥೆಗೆ ಹೊಸ ಪ್ರಸಂಗ ಬರೆಸಬಹುದು. ಕವಿಯ ಸಾಲುಗಳನ್ನು, ಅವರೇ ಕಲ್ಪಿಸಿ ಸೇರಿಸಿದ ಸನ್ನಿವೇಶಗಳನ್ನು ಎತ್ತಿಕೊಳ್ಳಬಾರದು ಅಷ್ಟೆ.

ಸ್ಮರಣ ಸಂಚಿಕೆಯಲ್ಲಿ ಲೇಖನ ಬರೆದು ಪದ್ಯ ಉದ್ಧರಿಸುವುದಾದರೆ ಅನುಮತಿ ಬೇಡ. ವಿಮರ್ಶೆಗೆ, ಪರಿಚಯಕ್ಕೆ ನ್ಯಾಯವಾಗಿ ಬಳಸಬಹುದು. "ಹತ್ತು ಪರ್ಸೆಂಟ್‌ವರೆಗೆ ಓಕೆ" ಎಂಬ ಲೆಕ್ಕ ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನೋಡಬೇಕಾದದ್ದು ಉದ್ದೇಶವನ್ನು. ಛಂದಸ್ಸಿನ ಬಗ್ಗೆ ಮಾತಾಡುತ್ತ ಮೂರು ಪದ್ಯ ಕೊಟ್ಟರೆ ಅದು ವಿಮರ್ಶೆ. ಪುಟ ತುಂಬಿಸಲು ಇಡೀ ಯುದ್ಧದ ಸನ್ನಿವೇಶ ಅಚ್ಚು ಹಾಕಿ ಕೆಳಗೆ ಎರಡು ಸಾಲು ಹೊಗಳಿದರೆ ಅದು ಮರುಮುದ್ರಣ.

ಇನ್ನು 500 ಪ್ರತಿ. ನನ್ನ ಅಭಿಪ್ರಾಯ ಕೇಳಿದರೆ, 2030ರವರೆಗೆ ಕಾಯುವ ಬದಲು ಅನುಮತಿ ಕೇಳಿ. ಮೊಮ್ಮಗ ಪರಿಚಯದವರೇ ಇದ್ದಾರಲ್ಲ. ಆದರೆ ಅವರೊಬ್ಬರ ಸಹಿ ಸಾಲದು. ಕವಿಗೆ ನಾಲ್ವರು ಮಕ್ಕಳಿದ್ದರೆ ಹಕ್ಕು ನಾಲ್ಕೂ ಕವಲಿಗೆ ಹೋಗಿರುತ್ತದೆ, ಮುಂಬಯಿಯಲ್ಲಿ ನೆಲೆಸಿದ ಮಗಳ ಮಕ್ಕಳಿಗೂ. ಉಯಿಲು ಇದ್ದರೆ ಅದರಂತೆ. ಅಳಿಯಕಟ್ಟಿನ ಮನೆತನವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಅವರಿಗೆಂದೇ ಬೇರೆ ಕಲಮುಗಳಿವೆ. ವಾರಸುದಾರರ ಪಟ್ಟಿಯನ್ನು ಒಮ್ಮೆ ವಕೀಲರಿಗೆ ತೋರಿಸಿ.

ಅನುಮತಿ ಬರಹದಲ್ಲೇ ಇರಬೇಕು, ಬಾಯಿಮಾತು ನಡೆಯುವುದಿಲ್ಲ. ಸ್ಟ್ಯಾಂಪ್ ಪೇಪರಿನ ಭಾಷೆ ಏನೂ ಬೇಡ. ಯಾವ ಪುಸ್ತಕ, ಯಾವ ಮುದ್ರಣ, ಎಷ್ಟು ಪ್ರತಿ, ಇ-ಪುಸ್ತಕ ಸೇರಿದೆಯೇ, ಲೈವ್ ಮತ್ತು ರೆಕಾರ್ಡಿಂಗ್ ಸೇರಿದೆಯೇ, ಕುಟುಂಬಕ್ಕೆ ಗೌರವಧನ ಎಷ್ಟು ಅಥವಾ ಎಷ್ಟು ಪ್ರತಿ ಎಂದು ಸರಳವಾಗಿ ಬರೆಯಿರಿ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ಹಿಡಿಯುತ್ತದೆ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಂದು ವರ್ಷದೊಳಗೆ ನೀವು ಹಕ್ಕನ್ನು ಬಳಸದಿದ್ದರೆ ಅನುಮತಿ ತಾನಾಗಿ ಬಿದ್ದುಹೋಗುತ್ತದೆ, ಹಾಗಾಗಬಾರದೆಂದರೆ ಅದನ್ನೂ ಪತ್ರದಲ್ಲೇ ಹೇಳಬೇಕು. ಸಂಘಗಳ ಕೆಲಸ ಗೊತ್ತಲ್ಲ, ಅಚ್ಚಿನ ದುಡ್ಡು ಸೇರುವಷ್ಟರಲ್ಲಿ ಇನ್ನೊಂದು ಜಾತ್ರೆ ಬಂದಿರುತ್ತದೆ.

ಒಂದು ವೇಳೆ ಹಕ್ಕು ಆ ಮುಚ್ಚಿಹೋದ ಅಂಗಡಿಯವರಿಗೆ ಹೋಗಿತ್ತೆಂದು ದಾಖಲೆ ಸಿಕ್ಕಿ, ಅವರ ಕಡೆಯವರು ಎಲ್ಲಿದ್ದಾರೆಂದೇ ತಿಳಿಯದಿದ್ದರೆ 31ಎ ಕಲಮು ಇದೆ. ಮೊದಲು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಮೇಲೆ ವಾಣಿಜ್ಯ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಲೈಸೆನ್ಸ್ ಪಡೆಯುವ ಕ್ರಮ. 500 ಪ್ರತಿಯ ಪುಸ್ತಕಕ್ಕೆ ಆ ಖರ್ಚು ಹುಟ್ಟುವುದಿಲ್ಲ. ಆ ಸಂದರ್ಭ ಬಂದರೆ ಮಾತ್ರ ಕಾಯುವುದೇ ಜಾಣತನ.

ಕೊನೆಗೆ ಕೈಬರಹದ ಪ್ರಸಂಗ. ಇದನ್ನು ಮುದ್ರಿತ ಪುಸ್ತಕದ ಜೊತೆ ಸೇರಿಸಿ ಯೋಚಿಸಬೇಡಿ. ಕವಿ ಬದುಕಿದ್ದಾಗ ಅಚ್ಚಾಗದೆ ಉಳಿದ ಕೃತಿಗೆ 60 ವರ್ಷದ ಲೆಕ್ಕ ಶುರುವಾಗುವುದು ಮೊದಲ ಸಲ ಪ್ರಕಟವಾದಾಗ. ಮತ್ತೆ ಈ ನಿಯಮದ ಮಟ್ಟಿಗೆ ಜನರೆದುರು ಆಡಿದ್ದನ್ನೂ ಪ್ರಕಟಣೆ ಎಂದೇ ಕಾಯ್ದೆ ಎಣಿಸುತ್ತದೆ. ಹಾಗಾಗಿ ಮೊದಲು ತಿಳಿಯಬೇಕಾದದ್ದು, ಆ ಪ್ರಸಂಗ ಕವಿಯ ಕಾಲದಲ್ಲಿ ಎಲ್ಲಾದರೂ ರಂಗಕ್ಕೆ ಏರಿತ್ತೇ ಎಂದು. ಹಳೆಯ ಮೇಳದ ಕರಪತ್ರ, ಹಿರಿಯ ಭಾಗವತರ ನೆನಪು, ಪುಸ್ತಕದ ಅಂಚಿನಲ್ಲಿ ಬರೆದ ದಿನಾಂಕ, ಏನಾದರೂ ಸಿಕ್ಕೀತು. ಆಗ ಆಡಿದ್ದರೆ ಅದು ಕವಿಯ ಕಾಲದಲ್ಲೇ ಹೊರಬಂದ ಕೃತಿ, ಮುದ್ರಿತ ಪುಸ್ತಕದ ಹಾಗೆಯೇ 2029 ಅಥವಾ 2030ರ ಲೆಕ್ಕ ಎಂದು ವಾದಿಸಬಹುದು. ಎಲ್ಲೂ ಆಡಿಲ್ಲ, ಎಲ್ಲೂ ಅಚ್ಚಾಗಿಲ್ಲ ಅಂದರೆ ಗಡಿಯಾರ ಇನ್ನೂ ಓಡಲು ಶುರುವಾಗಿಲ್ಲ. ಕುಟುಂಬದ ಒಪ್ಪಿಗೆಯಿಂದ ನೀವು 2030ರಲ್ಲಿ ಅದನ್ನು ಹೊರತಂದರೆ 2090ರ ಕೊನೆಯವರೆಗೆ ಹಕ್ಕು ಕುಟುಂಬದ್ದೇ. ಅವರ ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಪುಟಗಳ ಫೋಟೊ ತೆಗೆದು ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.